ತಡವಾಗುತ್ತದೆ ಎಂಬ ಒಂದೇ ಸುದ್ದಿ, ಮೂರು ದೇಶಕ್ಕೆ ಮೂರು ಮೇಲ್

"ಶುಕ್ರವಾರ ಸ್ವಲ್ಪ ಕಷ್ಟ ಆಗಬಹುದು, ಆದರೂ ಪ್ರಯತ್ನ ಮಾಡುತ್ತೇವೆ."

ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ರಫ್ತಿನ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದಾಗ ಜರ್ಮನಿಯ ಗಿರಾಕಿಯೊಬ್ಬರಿಗೆ ನಾನು ಬರೆದ ಸಾಲು ಇದು. ಬರೆದದ್ದು ಇಂಗ್ಲಿಷಿನಲ್ಲಿ, ಯೋಚನೆ ಮಾತ್ರ ಅಪ್ಪಟ ಕನ್ನಡದ್ದು. ನನ್ನ ಲೆಕ್ಕದಲ್ಲಿ "ಶುಕ್ರವಾರ ಆಗಲ್ಲ" ಅಂತ ಹೇಳಿಯಾಗಿತ್ತು. ಅವರು ಓದಿಕೊಂಡದ್ದು "ಶುಕ್ರವಾರ ಹೊರಡುತ್ತದೆ, ಹುಡುಗರು ಸ್ವಲ್ಪ ಜಾಸ್ತಿ ಓಡಾಡಬೇಕು ಅಷ್ಟೆ" ಅಂತ. ಮಾಲು ಇಳಿಸಿಕೊಳ್ಳಲು ಲಾರಿ ಗೊತ್ತು ಮಾಡಿಬಿಟ್ಟಿದ್ದರು. ಸೋಮವಾರ ಫೋನ್ ಬಂತು. ಕೂಗಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಆಗುವುದಿಲ್ಲ ಅಂತ ಗೊತ್ತಿದ್ದರೆ, ಆಗುವುದಿಲ್ಲ ಅಂತ ಯಾಕೆ ಬರೆಯಲಿಲ್ಲ?"

ಆ ಪಾಠವನ್ನು ಗಟ್ಟಿ ಹಿಡಿದುಕೊಂಡು ಮುಂದೊಮ್ಮೆ ಜಪಾನಿನ ಗಿರಾಕಿಗೆ ಕಡ್ಡಿ ಮುರಿದಂತೆ ಬರೆದೆ. ಅಲ್ಲಿ ಉಲ್ಟಾ ಹೊಡೆಯಿತು. ನಾಲ್ಕು ದಿನ ಉತ್ತರವೇ ಇಲ್ಲ.

ಸುತ್ತುಬಳಸಿ ಹೇಳುವುದು ನಮಗೆ ಹೊಸದಲ್ಲ. ಹೆಣ್ಣು ನೋಡಿ ಹೋದ ಮನೆಯವರು "ಮನೆಯಲ್ಲಿ ಮಾತಾಡಿ ತಿಳಿಸ್ತೀವಿ" ಅಂದರೆ ಅದರ ಅರ್ಥ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. "ನೋಡೋಣ", "ಆಗ್ಲಿ ಬಿಡಿ", "ಪ್ರಯತ್ನ ಮಾಡ್ತೀನಿ", ಇವೆಲ್ಲ ಯಾವಾಗ ಹೌದು, ಯಾವಾಗ ಇಲ್ಲ ಅಂತ ಧ್ವನಿಯಲ್ಲೇ ಗೊತ್ತಾಗುತ್ತದೆ. ಮೇಲ್‌ನಲ್ಲಿ ಧ್ವನಿ ಇರುವುದಿಲ್ಲ. ಓದುವವರು ಅವರ ಊರಿನ ಧ್ವನಿಯನ್ನು ಹಾಕಿಕೊಂಡು ಓದುತ್ತಾರೆ.

ಎಲ್ಲ ಬಗೆಯ ಮೇಲ್ ಬಗ್ಗೆ ಇಲ್ಲಿ ಬರೆಯಲು ಹೋಗುವುದಿಲ್ಲ. ಬರೆಯುವಾಗ ಕೈ ನಡುಗಿಸುವ ಮೇಲ್ ಒಂದಿದೆ: ಮಾಲು ತಡವಾಗುತ್ತದೆ ಎನ್ನುವುದು. ಅದೊಂದನ್ನೇ ತೆಗೆದುಕೊಂಡು ಜರ್ಮನಿ, ಜಪಾನ್, ಅಮೆರಿಕ ಮೂರು ಕಡೆಗೂ ಬರೆದು ನೋಡೋಣ. ಅಸಲಿ ಮೇಲ್ ಇಂಗ್ಲಿಷಿನಲ್ಲೇ ಹೋಗುತ್ತದೆ. ಸಾಲುಗಳ ತಿರುಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ.

ನಮ್ಮ ಕೇಸು

ಪಂಪ್ ಹೌಸಿಂಗ್, 1,200 ಪೀಸ್ ಆರ್ಡರ್. ಬೀಡು ಕಬ್ಬಿಣದ ಎರಕ ಬೆಳಗಾವಿಯ ಫೌಂಡ್ರಿಯಿಂದ ಬರುತ್ತದೆ, ಮಷೀನಿಂಗ್ ನಮ್ಮದು. ಪೀಸ್ ಸಣ್ಣದು, ಹಾಗಾಗಿ ಮಾಲು ವಿಮಾನದಲ್ಲಿ ಹೋಗುತ್ತದೆ. ಡಿಸ್ಪ್ಯಾಚ್ ಆಗಸ್ಟ್ 14, ಶುಕ್ರವಾರ ಅಂತ ಒಪ್ಪಿಕೊಂಡಿದ್ದೇವೆ. ಆಗಸ್ಟ್ 4ರ ಮಂಗಳವಾರ ಸಂಜೆ ಬೋರಿಂಗ್ ಮಾಡುವಾಗ ಒಂದು ಲಾಟ್‌ನಲ್ಲಿ ಬ್ಲೋ ಹೋಲ್, ಅಂದರೆ ಎರಕದೊಳಗಿನ ಗುಳ್ಳೆಗಳು, ಕಾಣಿಸಿಕೊಳ್ಳುತ್ತವೆ. ಇವು ಮೇಲಿನಿಂದ ನೋಡಿದರೆ ಕಾಣುವುದಿಲ್ಲ, ಟೂಲ್ ಒಳಗೆ ಹೋದ ಮೇಲೆಯೇ ಬಯಲಾಗುತ್ತವೆ. ರಾತ್ರಿ ಕೂತು ಎಣಿಸಿದಾಗ 340 ಪೀಸ್ ರಿಜೆಕ್ಟ್, 860 ಸರಿ ಇವೆ.

ಇದು ಒಬ್ಬ ಗಿರಾಕಿಯ ಆರ್ಡರ್. ಆ ಗಿರಾಕಿ ಸ್ಟುಟ್‌ಗಾರ್ಟ್‌ನಲ್ಲಿದ್ದರೆ, ಒಸಾಕಾದಲ್ಲಿದ್ದರೆ, ಒಹಾಯೋದಲ್ಲಿದ್ದರೆ ಮೇಲ್ ಹೇಗೆ ಬದಲಾಗಬೇಕು?

ಹೆಜ್ಜೆ 1: ಮೊದಲು ಒಣ ಚೀಟಿ ಬರೆಯಿರಿ

ಮೇಲ್ ತೆರೆಯಬೇಡಿ. ಒಂದು ಹಾಳೆಯ ಮೇಲೆ ಐದು ಪ್ರಶ್ನೆಗೆ ಉತ್ತರ ಬರೆಯಿರಿ. ಏನು ಆಗುವುದಿಲ್ಲ? ಏನು ಆಗುತ್ತದೆ, ಯಾವತ್ತು? ಯಾಕೆ ಹೀಗಾಯಿತು? ನಾವು ಏನು ಮಾಡುತ್ತಿದ್ದೇವೆ? ಗಿರಾಕಿಯಿಂದ ಏನು ಬೇಕು?

ನಮ್ಮ ಕೇಸಿನಲ್ಲಿ ಚೀಟಿ ಹೀಗಿರುತ್ತದೆ. 340 ಪೀಸ್ ಆಗಸ್ಟ್ 14ಕ್ಕೆ ಆಗುವುದಿಲ್ಲ. 860 ಪೀಸ್ 14ಕ್ಕೇ ಹೊರಡಬಲ್ಲವು, 340 ಪೀಸ್ 28ಕ್ಕೆ. ಕಾರಣ: ಫೌಂಡ್ರಿಯಲ್ಲಿ ಅಚ್ಚಿನ ಮರಳಿಗೆ ತೇವ ಜಾಸ್ತಿಯಾಗಿ, ಆವಿ ಹೊರಬರಲಾಗದೆ ಎರಕದೊಳಗೆ ಗುಳ್ಳೆ ನಿಂತಿದೆ. ಹೊಸ ಎರಕ ಆಗಸ್ಟ್ 14ಕ್ಕೆ ಕೈಗೆ ಬರುತ್ತದೆ, ಮಷೀನಿಂಗ್ ಐದು ದಿನ. ಎರಡು ಸಲ ಕಳಿಸಬೇಕೋ, ಎಲ್ಲವನ್ನೂ 28ಕ್ಕೆ ಒಟ್ಟಿಗೆ ಕಳಿಸಬೇಕೋ ಎಂದು ಗಿರಾಕಿ ಹೇಳಬೇಕು.

28 ಎಲ್ಲಿಂದ ಬಂತು ಅಂತ ಕೇಳುತ್ತೀರಾ? 15ರಂದು ಸ್ವಾತಂತ್ರ್ಯ ದಿನ, 16 ಭಾನುವಾರ. 17ರಿಂದ 21ರವರೆಗೆ ಮಷೀನಿಂಗ್. ಆಮೇಲೆ ತಪಾಸಣೆ, ಪ್ಯಾಕಿಂಗ್. ಎಲ್ಲ ನೆಟ್ಟಗೆ ನಡೆದರೆ 26ಕ್ಕೇ ಮುಗಿಯುತ್ತದೆ. ಎರಡು ದಿನ ಕೈಯಲ್ಲಿಟ್ಟುಕೊಂಡು 28 ಎನ್ನುತ್ತೇವೆ. ಭಾಷೆ ಎಷ್ಟೇ ನಯವಾಗಿದ್ದರೂ ಎರಡನೇ ಸಲ ತಾರೀಖು ತಪ್ಪಿದರೆ ಯಾವ ದೇಶದಲ್ಲೂ ಮಾಫಿ ಇಲ್ಲ.

ಈ ಚೀಟಿಯ ವಿಷಯ ಯಾವ ದೇಶಕ್ಕೂ ಬದಲಾಗಬಾರದು. ಜರ್ಮನಿಗೆ 340, ಜಪಾನಿಗೆ "ಕೆಲವು ಪೀಸ್" ಅಂತ ಆಗಬಾರದು. ಬದಲಾಗುವುದು ಮೂರೇ: ಕೆಟ್ಟ ಸುದ್ದಿ ಎಷ್ಟನೇ ಸಾಲಿನಲ್ಲಿ ಬರುತ್ತದೆ, ಕಾರಣವನ್ನು ಎಷ್ಟು ಬಿಡಿಸುತ್ತೀರಿ, ಕ್ಷಮೆಗೆ ಎಷ್ಟು ಜಾಗ ಕೊಡುತ್ತೀರಿ.

ಹೆಜ್ಜೆ 2: ಆ ಮನುಷ್ಯರ ಹಳೇ ಮೇಲ್ ತೆಗೆದು ಓದಿ

ದೇಶ ಅನ್ನುವುದು ಒಂದು ಅಂದಾಜು ಅಷ್ಟೆ. ಸ್ಟುಟ್‌ಗಾರ್ಟ್‌ನ ಖರೀದಿ ವಿಭಾಗದಲ್ಲಿ ಕೂತಿರುವವರು ಹುಬ್ಬಳ್ಳಿಯವರೇ ಇರಬಹುದು. ಹತ್ತು ವರ್ಷ ಅಮೆರಿಕದಲ್ಲಿದ್ದು ವಾಪಸ್ ಬಂದ ಜಪಾನಿಯರು ಅಮೆರಿಕದವರ ಹಾಗೇ ಬರೆಯುತ್ತಾರೆ. ಹಾಗಾಗಿ ಅವರು ನಿಮಗೆ ಬರೆದ ಕೊನೆಯ ಐದಾರು ಮೇಲ್‌ಗಳನ್ನು ತೆರೆದು ನೋಡಿ.

ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾರಾ, ಉಪನಾಮದಿಂದಲಾ? ವಿಷಯಕ್ಕೆ ಬರುವ ಮೊದಲು ಎಷ್ಟು ಸಾಲು ಬರೆಯುತ್ತಾರೆ? ಬೇಡ ಅನ್ನಬೇಕಾದಾಗ ಯಾವ ಪದ ಬಳಸಿದ್ದಾರೆ? ಸಿಸಿಯಲ್ಲಿ ಯಾರ್ಯಾರನ್ನು ಇಡುತ್ತಾರೆ? ನನಗೆ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಡ್ರಾಯಿಂಗ್ ತಪ್ಪಾಗಿದ್ದಾಗ "ಇದು ತಪ್ಪು" ಅಂತ ಬರೆದವರಿಗೆ ನೀವೂ ನೇರವಾಗಿ ಬರೆಯಬಹುದು. "ಇದನ್ನು ಇನ್ನೊಮ್ಮೆ ನೋಡಬಹುದೇ?" ಅಂತ ಬರೆದವರಿಗೆ ಅದೇ ಮೆಟ್ಟಿಲಲ್ಲಿ ನಿಂತು ಬರೆಯಬೇಕು.

ಹೊಸ ಗಿರಾಕಿಯಾಗಿದ್ದು ಹಳೇ ಮೇಲ್ ಇಲ್ಲದಿದ್ದರೆ ಮಾತ್ರ ದೇಶದ ಅಂದಾಜನ್ನು ನಂಬಿ. ಆಗಲೂ ಒಂದು ಮೆಟ್ಟಿಲು ಹೆಚ್ಚು ಮರ್ಯಾದೆಯಿಂದ ಶುರು ಮಾಡಿ. ಇಳಿಯುವುದು ಸುಲಭ, ಹತ್ತುವುದು ಕಷ್ಟ.

ಹೆಜ್ಜೆ 3: ನಮ್ಮ ಇಂಗ್ಲಿಷನ್ನು ಜಾಡಿಸಿ

ನಮ್ಮಲ್ಲಿ ಚೆನ್ನಾಗಿಯೇ ನಡೆಯುವ ಕೆಲವು ಮಾತುಗಳು ಗಡಿ ದಾಟಿದ ಕೂಡಲೇ ಅರ್ಥ ಬದಲಿಸುತ್ತವೆ. "ಕೈಂಡ್ಲಿ ರಿವರ್ಟ್" ಅಂದರೆ ನಮಗೆ ಉತ್ತರ ಕೊಡಿ. ಅಮೆರಿಕ, ಜರ್ಮನಿಯವರಿಗೆ ರಿವರ್ಟ್ ಅಂದರೆ ಹಿಂದಿದ್ದ ಸ್ಥಿತಿಗೆ ಮರಳಿಸುವುದು. ಡ್ರಾಯಿಂಗ್‌ನ ಹೊಸ ಆವೃತ್ತಿ ಕಳಿಸಿ "ರಿವರ್ಟ್" ಅಂತ ಬರೆದರೆ ಹಳೆಯದಕ್ಕೇ ಹೋಗಬೇಕಾ ಅಂತ ತಲೆ ಕೆರೆದುಕೊಳ್ಳುತ್ತಾರೆ. "ಐ ಹ್ಯಾವ್ ಎ ಡೌಟ್" ಅಂದರೆ ನಮಗೆ ಒಂದು ಪ್ರಶ್ನೆ ಇದೆ ಅಂತ. ಅವರ ಕಿವಿಗೆ ಅದು ನಿಮ್ಮ ಮೇಲೆ ನನಗೆ ಅನುಮಾನ ಇದೆ ಅನ್ನುವ ಹಾಗೆ ಕೇಳುತ್ತದೆ. "ಡು ದ ನೀಡ್‌ಫುಲ್" ಓದಿದವರಿಗೆ ಯಾವ ಕೆಲಸ ಮಾಡಬೇಕು ಅನ್ನುವುದೇ ಗೊತ್ತಾಗುವುದಿಲ್ಲ, ಯಾಕೆಂದರೆ ಅದರಲ್ಲಿ ಕೆಲಸದ ಹೆಸರೇ ಇಲ್ಲ. "ಪ್ರೀಪೋನ್" ಹೊರಗಿನ ಬಹಳ ಜನಕ್ಕೆ ಗೊತ್ತಿಲ್ಲ. ಲಕ್ಷ, ಕೋಟಿಯೂ ಹಾಗೆಯೇ.

ಎಲ್ಲಕ್ಕಿಂತ ಅಪಾಯದ್ದು "ಟ್ರೈ". ನನ್ನ ಕಥೆ ಆಗಲೇ ಹೇಳಿದೆ. ತಾರೀಖು ಇರುವ ಸಾಲಿನಲ್ಲಿ ಟ್ರೈ, ಹೋಪ್‌ಫುಲಿ, ಮೇ ಬಿ, ಮೋಸ್ಟ್‌ಲಿ ಇದ್ದರೆ ತೆಗೆದುಹಾಕಿ. ಖಚಿತ ಇಲ್ಲದಿದ್ದರೆ ಯಾವತ್ತು ಖಚಿತವಾಗಿ ತಿಳಿಸುತ್ತೀರಿ ಅನ್ನುವ ತಾರೀಖು ಕೊಡಿ. "ಮರಳಿನ ಪರೀಕ್ಷೆಯ ವರದಿ ಗುರುವಾರ ಬರುತ್ತದೆ, ಅಂದೇ ತಾರೀಖು ತಿಳಿಸುತ್ತೇವೆ" ಅನ್ನುವುದು ಪ್ರಾಮಾಣಿಕ ಮಾತು. "ಹೋಪ್‌ಫುಲಿ ಮುಂದಿನ ವಾರ" ಅನ್ನುವುದು ಅಲ್ಲ.

ಹೆಜ್ಜೆ 4: ಜರ್ಮನಿಗೆ

ಇಲ್ಲಿ ಕೆಟ್ಟ ಸುದ್ದಿ ಮೊದಲ ಸಾಲಿನಲ್ಲೇ ಇರಬೇಕು. ಇನ್ನೂ ಸರಿಯಾಗಿ ಹೇಳಬೇಕೆಂದರೆ ಸಬ್ಜೆಕ್ಟ್ ಲೈನ್‌ನಲ್ಲೇ ಇರಬೇಕು. "ಅಪ್‌ಡೇಟ್" ಅಂತ ಸಬ್ಜೆಕ್ಟ್ ಕೊಟ್ಟು ಒಳಗೆ ಬಾಂಬ್ ಇಟ್ಟರೆ ಮುಚ್ಚಿಡಲು ನೋಡಿದರು ಅಂತ ಅನಿಸುತ್ತದೆ.

> ವಿಷಯ: ಪಂಪ್ ಹೌಸಿಂಗ್ ಆರ್ಡರ್, 1,200ರಲ್ಲಿ 340 ಪೀಸ್ 14 ದಿನ ತಡ
>
> ಮಾನ್ಯ ಶ್ರೀ (ಉಪನಾಮ) ಅವರಿಗೆ,
>
> ನಿಮ್ಮ ಆರ್ಡರ್‌ನ 1,200 ಪೀಸ್‌ಗಳಲ್ಲಿ 340 ಪೀಸ್ ಆಗಸ್ಟ್ 14ಕ್ಕೆ ಹೊರಡುವುದಿಲ್ಲ. ಅವು ಆಗಸ್ಟ್ 28ಕ್ಕೆ, 35ನೇ ವಾರದಲ್ಲಿ, ಹೊರಡುತ್ತವೆ. ಉಳಿದ 860 ಪೀಸ್ ಒಪ್ಪಿದಂತೆ ಆಗಸ್ಟ್ 14ಕ್ಕೆ ಸಿದ್ಧ.
>
> ಕಾರಣ: ಒಂದು ಲಾಟ್ ಎರಕದ ಬೋರ್ ಒಳಗೆ ಬ್ಲೋ ಹೋಲ್ ಇವೆ. ಅಚ್ಚಿನ ಮರಳಿನಲ್ಲಿ ತೇವ ಮಿತಿ ಮೀರಿತ್ತು. ಆಗಸ್ಟ್ 4ರಂದು ಬೋರಿಂಗ್‌ನಲ್ಲಿ ಪತ್ತೆಯಾಯಿತು. ಫೋಟೋ ಲಗತ್ತಿಸಿದೆ.
>
> ಕ್ರಮ: ಹೊಸ ಎರಕ ಆಗಸ್ಟ್ 14ಕ್ಕೆ ಬರುತ್ತದೆ. ಇನ್ನು ಮುಂದೆ ಪ್ರತಿ ಲಾಟ್‌ನ ಮೊದಲ ಮೂರು ಪೀಸ್‌ಗಳನ್ನು ಬೋರ್ ಮಾಡಿ ನೋಡಿದ ಮೇಲೆಯೇ ಉಳಿದದ್ದನ್ನು ತೆಗೆದುಕೊಳ್ಳುತ್ತೇವೆ.
>
> ನಿಮ್ಮ ತೀರ್ಮಾನ ಬೇಕು: 860 ಪೀಸ್ ಈಗಲೇ ಕಳಿಸಬೇಕೇ ಅಥವಾ ಎಲ್ಲವೂ 28ಕ್ಕೆ ಒಟ್ಟಿಗೆ ಹೋಗಬೇಕೇ? ಆಗಸ್ಟ್ 7, ಶುಕ್ರವಾರ, ನಿಮ್ಮ ಸಮಯ ಮಧ್ಯಾಹ್ನ 12ರೊಳಗೆ ತಿಳಿಸಿ.
>
> ಈ ತಡಕ್ಕೆ ಕ್ಷಮೆ ಕೇಳುತ್ತೇವೆ.

ನೋಡಿ, ಕ್ಷಮೆ ಒಂದೇ ಸಾಲು, ಅದೂ ಕೊನೆಗೆ. ಮೂರು ಸಲ ಕ್ಷಮೆ ಕೇಳಿದರೆ ಅವರಿಗೆ ಸಮಾಧಾನ ಆಗುವುದಿಲ್ಲ, ಕಾರಣ ಎಲ್ಲಿದೆ ಅಂತ ಹುಡುಕುತ್ತಾರೆ. ಇಲ್ಲಿ ಕಾರಣಕ್ಕೆ ಜಾಸ್ತಿ ಜಾಗ ಕೊಡಬೇಕು. ಫೌಂಡ್ರಿಯ ಮೇಲೆ ತಪ್ಪು ಹೊರಿಸುವ ಸ್ವರ ಮಾತ್ರ ಬೇಡ. ಫೌಂಡ್ರಿಯನ್ನು ಆರಿಸಿದ್ದು ನೀವು.

ವಾರದ ಸಂಖ್ಯೆ ಯಾಕೆ ಹಾಕಿದೆ ಅಂದರೆ, ಜರ್ಮನಿಯ ಕಾರ್ಖಾನೆಗಳಲ್ಲಿ ಯೋಜನೆ ಹಾಕುವುದು ಕ್ಯಾಲೆಂಡರ್ ವಾರದ ಲೆಕ್ಕದಲ್ಲಿ. "ಕಾ-ವೇ 35" ಅಂತ ಮಾತಿನಲ್ಲೂ ಹೇಳುತ್ತಾರೆ. ವಾರ ಸೋಮವಾರದಿಂದ ಶುರು. ಹೆಸರಿನ ಮುಂದೆ ಡಾಕ್ಟರ್ ಇದ್ದರೆ ಬಿಡಬೇಡಿ. ಉಪನಾಮದಿಂದ ಹೆಸರಿಗೆ ಇಳಿಯುವುದನ್ನು ಅವರೇ ಶುರು ಮಾಡಲಿ. ಅವರ ಬಾಸ್‌ನನ್ನು ಸುಮ್ನೆ ಸಿಸಿಗೆ ಹಾಕಬೇಡಿ, ಮೇಲೆ ದೂರು ಕೊಟ್ಟ ಹಾಗೆ ಕಾಣುತ್ತದೆ.

ಇದನ್ನು ಬರೆದು ನಮ್ಮ ಓನರ್‌ಗೆ ತೋರಿಸಿದಾಗ ಅವರು ಹೌಹಾರಿದ್ದರು. "ಏನಯ್ಯಾ ಇದು, ಮೊದಲ ಸಾಲಲ್ಲೇ ಆಗಲ್ಲ ಅಂತೀಯ? ಒಂದು ಒಳ್ಳೇ ಮಾತಾದ್ರೂ ಹಾಕು." ನಾನು "ಒಳ್ಳೇ ಮಾತು ಇದೆ ಸಾರ್, 860 ಪೀಸ್ ಟೈಮಿಗೆ ಹೋಗ್ತಾವೆ" ಅಂದೆ. ಆ ಮೇಲ್ ಹಾಗೇ ಹೋಯಿತು.

ಹೆಜ್ಜೆ 5: ಜಪಾನಿಗೆ

ಇಲ್ಲಿ ಮೇಲ್‌ಗಿಂತ ಮೊದಲು ಒಂದು ಫೋನ್ ಬೇಕು. ಮರವನ್ನು ಕಿತ್ತು ಬೇರೆಡೆ ನೆಡುವ ಮೊದಲು ಬೇರಿನ ಸುತ್ತ ಮಣ್ಣು ಬಿಡಿಸಿ ಸಿದ್ಧ ಮಾಡುತ್ತಾರಲ್ಲ, ಅದಕ್ಕೆ ಜಪಾನೀ ಭಾಷೆಯಲ್ಲಿ ನೆಮಾವಾಶಿ ಎನ್ನುತ್ತಾರೆ. ಕಚೇರಿಯಲ್ಲಿ ಅದೇ ಪದಕ್ಕೆ, ಎಲ್ಲರ ಮುಂದೆ ವಿಷಯ ಬರುವ ಮೊದಲೇ ಒಬ್ಬೊಬ್ಬರ ಕಿವಿಗೆ ಹಾಕಿ ದಾರಿ ಮಾಡಿಕೊಳ್ಳುವುದು ಎಂಬ ಅರ್ಥ. ನಿಮ್ಮ ಜೊತೆ ದಿನಾ ವ್ಯವಹರಿಸುವವರು ಈ ಸುದ್ದಿಯನ್ನು ತಮ್ಮ ಮೇಲಿನವರಿಗೆ ಮುಟ್ಟಿಸಬೇಕು. ಅವರ ಬಾಸ್ ಸಿಸಿಯಲ್ಲಿರುವ ಮೇಲ್‌ನಲ್ಲಿಯೇ ಅವರಿಗೂ ಮೊದಲ ಸಲ ಗೊತ್ತಾದರೆ, ನೀವು ಅವರ ಮುಖ ಉಳಿಸಲಿಲ್ಲ. ನಾನು ಮಾಡಿದ್ದು ಅದೇ ತಪ್ಪು.

ಫೋನ್ ಬೇಗ ಮಾಡಿ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ನಮ್ಮ ಬೆಳಗ್ಗೆ ಎಂಟೂವರೆಗೆ ಅಲ್ಲಿ ಮಧ್ಯಾಹ್ನ ಹನ್ನೆರಡು. ತೊಂದರೆ ಗೊತ್ತಾದ ತಕ್ಷಣ, ಪರಿಹಾರ ಇನ್ನೂ ಸಿಗದಿದ್ದರೂ, ತಿಳಿಸಬೇಕು ಎನ್ನುವುದು ಅಲ್ಲಿನ ಕೆಲಸದ ರೂಢಿ. ಇದಕ್ಕೆ ಹೋರೆನ್‌ಸೋ ಅಂತ ಹೆಸರು: ವರದಿ ಮಾಡು, ತಿಳಿಸು, ಸಲಹೆ ಕೇಳು ಅನ್ನುವ ಮೂರು ಪದಗಳ ಮೊದಲಕ್ಷರ ಸೇರಿ ಆದದ್ದು. ತಮಾಷೆ ಅಂದರೆ ಹೋರೆನ್‌ಸೋ ಅಂದರೆ ಪಾಲಕ್ ಸೊಪ್ಪು. ನಾವು "ಪರಿಹಾರ ಸಿಕ್ಕ ಮೇಲೆ ಹೇಳೋಣ" ಅಂತ ಎರಡು ದಿನ ಕಾಯುತ್ತೇವಲ್ಲ, ಅವರ ಕಣ್ಣಿಗೆ ಆ ಎರಡು ದಿನ ರಿಜೆಕ್ಷನ್‌ಗಿಂತ ದೊಡ್ಡ ತಪ್ಪು.

ಫೋನ್ ಆದ ಮೇಲೆ ಅಂದೇ ಮೇಲ್:

> ವಿಷಯ: ಪಂಪ್ ಹೌಸಿಂಗ್ ಡಿಸ್ಪ್ಯಾಚ್ ಕುರಿತು ಕ್ಷಮೆ ಮತ್ತು ವರದಿ
>
> (ಕಂಪನಿ ಹೆಸರು), (ಉಪನಾಮ)-ಸಾನ್ ಅವರಿಗೆ,
>
> ನಿಮ್ಮ ನಿರಂತರ ಸಹಕಾರಕ್ಕೆ ಕೃತಜ್ಞತೆಗಳು. ಇಂದು ಬೆಳಗ್ಗೆ ಫೋನ್‌ನಲ್ಲಿ ಸಮಯ ಕೊಟ್ಟಿದ್ದಕ್ಕೂ ಧನ್ಯವಾದಗಳು.
>
> ಒಪ್ಪಿದ ದಿನಕ್ಕೆ ಪೂರ್ತಿ ಮಾಲು ಕೊಡಲಾಗದೆ ನಿಮಗೆ ತೊಂದರೆ ಕೊಡುತ್ತಿದ್ದೇವೆ. ಇದಕ್ಕೆ ಮನಸಾರೆ ಕ್ಷಮೆ ಕೇಳುತ್ತೇವೆ. ವಿವರ ಕೆಳಗಿದೆ.
>
> 1. ಸ್ಥಿತಿ: 1,200ರಲ್ಲಿ 860 ಪೀಸ್ ಆಗಸ್ಟ್ 14ಕ್ಕೆ ಸಿದ್ಧ. 340 ಪೀಸ್ ಆಗಸ್ಟ್ 28ಕ್ಕೆ.
> 2. ಕಾರಣ: ಮರಳಿನ ತೇವದಿಂದ ಬ್ಲೋ ಹೋಲ್. ತೇವದ ಪರೀಕ್ಷೆ ದಿನಕ್ಕೊಮ್ಮೆ ಮಾತ್ರ ನಡೆಯುತ್ತಿತ್ತು. ನಮ್ಮ ಒಳಬರುವ ತಪಾಸಣೆ ಹೊರಮೈ ಮಾತ್ರ ನೋಡುತ್ತಿತ್ತು.
> 3. ಈಗಿನ ಕ್ರಮ: 860 ಪೀಸ್‌ಗಳನ್ನೂ ಒಂದೊಂದಾಗಿ ಮತ್ತೆ ತಪಾಸಣೆ ಮಾಡಿದ್ದೇವೆ.
> 4. ಮತ್ತೆ ಆಗದಂತೆ: ತೇವದ ಪರೀಕ್ಷೆ ಪ್ರತಿ ಪಾಳಿಯಲ್ಲಿ. ಪ್ರತಿ ಲಾಟ್‌ನ ಮೂರು ಪೀಸ್ ಮೊದಲು ಬೋರ್ ಮಾಡಿ ನೋಡುವುದು.
>
> 860 ಪೀಸ್‌ಗಳನ್ನು ಮೊದಲು ಕಳಿಸಿದರೆ ನಿಮ್ಮ ಒಬಾನ್ ರಜೆಯಲ್ಲಿ ಸ್ವೀಕರಿಸಲು ತೊಂದರೆಯಾಗಬಹುದೇ ಎಂದು ಯೋಚಿಸುತ್ತಿದ್ದೇವೆ. ನಿಮಗೆ ಅನುಕೂಲವಾದ ಕ್ರಮವನ್ನು ತಿಳಿಸಿದರೆ ಅದರಂತೆ ನಡೆಯುತ್ತೇವೆ.

ಕೆಟ್ಟ ಸುದ್ದಿ ಮೂರನೇ ಪ್ಯಾರಾಕ್ಕೆ ಇಳಿದಿದೆ, ಆದರೆ ಕಣ್ಮರೆಯಾಗಿಲ್ಲ. ಸಂಖ್ಯೆ, ತಾರೀಖು ಜರ್ಮನಿಯಷ್ಟೇ ಖಡಕ್. ಜಪಾನ್ ಅಂದರೆ ಎಲ್ಲವನ್ನೂ ಮಂಜು ಮಂಜಾಗಿ ಬರೆಯಬೇಕು ಅಂತ ಕೆಲವರು ತಿಳಿದುಕೊಂಡಿದ್ದಾರೆ. ತಪ್ಪು. ಮಂಜು ಇರಬೇಕಾದದ್ದು ಅವರಿಂದ ಉತ್ತರ ಕೇಳುವ ಜಾಗದಲ್ಲಿ ಮಾತ್ರ. "ಇದಾ ಅದಾ, ಶುಕ್ರವಾರ 12ರೊಳಗೆ ಹೇಳಿ" ಅಂದರೆ ಅವರಿಗೆ ಉಸಿರು ಕಟ್ಟುತ್ತದೆ. ಒಳಗೆ ನಾಲ್ಕು ಜನರನ್ನು ಕೇಳಿ ಅವರು ಉತ್ತರ ಕೊಡಬೇಕು. "ಅನುಕೂಲ ತಿಳಿಸಿ" ಅಂದರೆ, ಬೇಡ ಅನ್ನುವುದನ್ನು ಬೇಡ ಎನ್ನದೆ ಹೇಳಲು ಜಾಗ ಸಿಗುತ್ತದೆ.

ನಾಲ್ಕನೇ ಅಂಶವನ್ನು ಬಿಟ್ಟರೆ ಮೇಲ್ ಅರ್ಧ ಆದಂತೆ. "ಸೈಹಾತ್ಸು ಬೋಶಿ", ಅಂದರೆ ಮತ್ತೆ ಆಗದಂತೆ ತಡೆಯುವುದು ಹೇಗೆ ಎನ್ನುವುದನ್ನು ಅವರು ಕೇಳಿಯೇ ಕೇಳುತ್ತಾರೆ. "ಎಚ್ಚರಿಕೆ ವಹಿಸುತ್ತೇವೆ" ಅನ್ನುವುದು ಉತ್ತರವಲ್ಲ. ಯಾರು, ಯಾವಾಗ, ಏನನ್ನು ಅಳೆಯುತ್ತಾರೆ ಅಂತ ಬೇಕು. ಅಲ್ಲೇ ಇನ್ನೊಂದು ಗಮನಿಸಿ: ಎರಡನೇ ಅಂಶದಲ್ಲಿ ನಮ್ಮ ತಪಾಸಣೆಯ ಲೋಪವನ್ನೂ ಒಪ್ಪಿಕೊಂಡಿದ್ದೇವೆ.

ಒಬಾನ್ ಆಗಸ್ಟ್ ಮಧ್ಯದಲ್ಲಿ, ಸುಮಾರು 13ರಿಂದ 16ರವರೆಗೆ. ಎಷ್ಟೋ ಕಾರ್ಖಾನೆಗಳು ಆ ವಾರವಿಡೀ ಮುಚ್ಚಿರುತ್ತವೆ. ಆ ಒಂದು ಸಾಲು ನಮ್ಮ ಮೇಲ್‌ಗೆ ಹತ್ತು ಕ್ಷಮೆಯ ಕೆಲಸ ಮಾಡುತ್ತದೆ, ಯಾಕೆಂದರೆ ಅವರ ಕಡೆಯಿಂದ ಯೋಚಿಸಿದ್ದೇವೆ ಅಂತ ತೋರಿಸುತ್ತದೆ. ಉಪನಾಮದ ಕೊನೆಗೆ ಸಾನ್ ಸೇರಿಸಿ, ಆದರೆ ನಿಮ್ಮ ಹೆಸರಿಗೆ ನೀವೇ ಸಾನ್ ಹಾಕಿಕೊಳ್ಳಬೇಡಿ. ವಾಕ್ಯ ಚಿಕ್ಕದಿರಲಿ. ಬಹಳ ಜನ ಅದನ್ನು ಅನುವಾದ ಮಾಡಿಕೊಂಡು ಓದುತ್ತಾರೆ.

ಹೆಜ್ಜೆ 6: ಅಮೆರಿಕಕ್ಕೆ

ಅಮೆರಿಕದವರು ನೇರ ಮಾತಿನವರು ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ವಿಷಯವನ್ನು ಬಿಡಿಸಿ ಹೇಳುವುದರಲ್ಲಿ ಅವರು ನೇರ. ಟೀಕೆ ಮಾಡುವುದರಲ್ಲಿ ಅಷ್ಟೇನೂ ಅಲ್ಲ. ಮೊದಲು ಒಂದು ಹೊಗಳಿಕೆ, ನಡುವೆ ಟೀಕೆ, ಕೊನೆಗೆ ಉತ್ಸಾಹದ ಮಾತು. ಹಾಗಾಗಿ ಇಲ್ಲಿನ ಮೇಲ್ ಚಿಕ್ಕದು, ಸ್ವರ ಹಗುರ, ದಾರಿಗಳು ಮುಂದೆ.

> ವಿಷಯ: ಪಂಪ್ ಹೌಸಿಂಗ್, 340 ಪೀಸ್ ಆಗಸ್ಟ್ 28ಕ್ಕೆ, ನಿಮ್ಮ ತೀರ್ಮಾನ ಬೇಕು
>
> ಹಾಯ್ (ಹೆಸರು),
>
> ಒಂದು ತೊಂದರೆಯನ್ನು ಮುಂಚೆಯೇ ತಿಳಿಸುತ್ತಿದ್ದೇನೆ. 860 ಪೀಸ್ ಆಗಸ್ಟ್ 14ಕ್ಕೆ ಹೊರಡುತ್ತವೆ. 340 ಪೀಸ್ ಎರಕದ ದೋಷದಿಂದ ನಮ್ಮ ತಪಾಸಣೆಯಲ್ಲಿ ಬಿದ್ದುಹೋದವು, ಅವು 28ಕ್ಕೆ ಹೊರಡುತ್ತವೆ. ತಪ್ಪು ನಮ್ಮದು, ಕ್ಷಮಿಸಿ.
>
> ಎರಡು ದಾರಿ ಇವೆ. ಒಂದು: 860 ಈಗ, 340 ಆಮೇಲೆ, ಎರಡನೇ ಸಲದ ವಿಮಾನದ ಖರ್ಚು ನಮ್ಮದು. ಎರಡು: ಎಲ್ಲವೂ 28ಕ್ಕೆ ಒಟ್ಟಿಗೆ. ನನ್ನ ಸಲಹೆ ಮೊದಲನೆಯದು, ನಿಮ್ಮ ಲೈನ್ ನಿಲ್ಲುವುದಿಲ್ಲ.
>
> ಗುರುವಾರ, ಆಗಸ್ಟ್ 6, ನಿಮ್ಮ ಸಮಯ ಸಂಜೆ 5ರೊಳಗೆ ಯಾವುದು ಅಂತ ಹೇಳುತ್ತೀರಾ? ಬೇಕಿದ್ದರೆ ಫೋನ್‌ನಲ್ಲಿ ಮಾತಾಡೋಣ.

ಬ್ಲೋ ಹೋಲ್, ಮರಳು, ತೇವ ಎಲ್ಲವೂ ಒಂದು ಪದಕ್ಕೆ ಇಳಿದಿವೆ. ಬೇಕಾದರೆ ಕೇಳುತ್ತಾರೆ. ಇಲ್ಲಿ "ನನ್ನ ಸಲಹೆ" ಅನ್ನುವ ಸಾಲು ಮುಖ್ಯ. ಸಲಹೆ ಕೊಡದೆ ಎರಡು ದಾರಿ ಇಟ್ಟು ಕೂತರೆ ತಲೆನೋವನ್ನು ಅವರಿಗೆ ದಾಟಿಸಿದ ಹಾಗೆ. ಖರ್ಚು ನಮ್ಮದು ಎನ್ನುವುದು ವ್ಯಾಪಾರದ ತೀರ್ಮಾನ. ಕೊಡುವುದಿದ್ದರೆ ಮೂರು ದೇಶಕ್ಕೂ ಕೊಡಿ. ಅಮೆರಿಕದ ಮೇಲ್‌ನಲ್ಲಿ ಅದನ್ನು ಎದ್ದು ಕಾಣುವಂತೆ ಹಾಕಿ ಅಂತಷ್ಟೇ ನನ್ನ ಮಾತು.

"ದಿನದ ಕೊನೆಯೊಳಗೆ" ಅಂತ ಮಾತ್ರ ಬರೆಯಬೇಡಿ. ಯಾರ ದಿನದ ಕೊನೆ? ಆಗಸ್ಟ್‌ನಲ್ಲಿ ಒಹಾಯೋ ನಮಗಿಂತ ಒಂಬತ್ತೂವರೆ ಗಂಟೆ ಹಿಂದಿರುತ್ತದೆ. ಚಳಿಗಾಲದಲ್ಲಿ ಅದು ಹತ್ತೂವರೆ ಆಗುತ್ತದೆ. ತಾರೀಖನ್ನೂ ಬರೀ ಅಂಕಿಯಲ್ಲಿ ಬರೆಯಬೇಡಿ. ನಮ್ಮ 7/8 ಅವರಿಗೆ ಜುಲೈ 8.

ಹೆಜ್ಜೆ 7: ಉತ್ತರವನ್ನು ಅವರ ಕಿವಿಯಿಂದ ಕೇಳಿ

ಬರೆಯುವಾಗ ಪಟ್ಟ ಶ್ರಮವೆಲ್ಲ ಉತ್ತರ ಓದುವಾಗ ಹಾಳಾಗಬಹುದು. ಜರ್ಮನಿಯಿಂದ "ಇದು ಒಪ್ಪಲಾಗದು. 340 ಪೀಸ್ 35ನೇ ವಾರದ ಬದಲು 34ಕ್ಕೆ ಬೇಕು" ಅಂತ ಬಂದರೆ ನಮ್ಮವರ ಮುಖ ಬಾಡುತ್ತದೆ. ಅದು ಜಗಳವಲ್ಲ. 34ಕ್ಕೆ ಏನೇನು ಆಗಬಹುದು ಅಂತ ಲೆಕ್ಕ ಕೇಳುತ್ತಿದ್ದಾರೆ. ಆಗುವುದಿಲ್ಲ ಅಂತಾದರೆ ಎರಕದ ತಾರೀಖು, ಮಷೀನಿಂಗ್‌ನ ದಿನಗಳನ್ನು ಇಟ್ಟು ಆಗುವುದಿಲ್ಲ ಅನ್ನಿ. ಹೆದರಿ "ಓಕೆ, ಟ್ರೈ ಮಾಡುತ್ತೇವೆ" ಅಂದಿರೋ, ಮೊದಲಿನ ಕಥೆಯೇ ಮತ್ತೆ.

ಜಪಾನಿನಿಂದ "ಇದು ಸ್ವಲ್ಪ ಕಷ್ಟ" ಅಂತ ಬಂದರೆ ಅದು ಇಲ್ಲ. "ಪರಿಶೀಲಿಸುತ್ತೇವೆ" ಅನ್ನುವುದು ಬಹಳ ಸಲ ಇಲ್ಲ, ಕೆಲವು ಸಲ ನಿಜವಾಗಿಯೂ ಪರಿಶೀಲನೆ. ವ್ಯತ್ಯಾಸ ಗೊತ್ತಾಗುವುದು ಪ್ರಶ್ನೆಗಳಿಂದ. ಪರಿಶೀಲಿಸುತ್ತಿರುವವರು ಮಧ್ಯೆ ಪ್ರಶ್ನೆ ಕಳಿಸುತ್ತಾರೆ: ಪೆಟ್ಟಿಗೆಯ ಅಳತೆ ಎಷ್ಟು, ತಪಾಸಣಾ ವರದಿ ಯಾವಾಗ ಬರುತ್ತದೆ. ಪ್ರಶ್ನೆಯೇ ಬರದಿದ್ದರೆ "ಬೇರೆ ಯಾವ ಕ್ರಮ ನಿಮಗೆ ಅನುಕೂಲ?" ಅಂತ ಇನ್ನೊಂದು ಬಾಗಿಲು ತೆರೆಯಿರಿ. "ಹೌದಾ ಅಲ್ವಾ ಹೇಳಿ" ಅಂತ ಬೆನ್ನು ಹತ್ತಬೇಡಿ. ಮೀಟಿಂಗ್‌ನಲ್ಲಿ ಅವರು ಜಪಾನೀ ಭಾಷೆಯಲ್ಲಿ ಹೌದು ಎನ್ನುವ "ಹಾಯ್" ಅಂದರೆ ಒಪ್ಪಿದೆ ಅಂತಲೇ ಅಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ ಅಂತಲೂ ಹೌದು. ನಮ್ಮ "ಹ್ಞೂಂ" ಇದೆಯಲ್ಲ, ಹಾಗೇ.

ಅಮೆರಿಕದಿಂದ "ಮುಂಚೆಯೇ ತಿಳಿಸಿದ್ದಕ್ಕೆ ತುಂಬಾ ಥ್ಯಾಂಕ್ಸ್! 28ರ ಬಗ್ಗೆ ಸ್ವಲ್ಪ ಕಳವಳ ಇದೆ" ಅಂತ ಬಂದರೆ ಉದ್ಗಾರ ಚಿಹ್ನೆ ನೋಡಿ ನಿರಾಳವಾಗಬೇಡಿ. ಮೇಲ್‌ನ ನಿಜವಾದ ವಿಷಯ ಎರಡನೇ ವಾಕ್ಯ. ಅದೇ ದಿನ ಫೋನ್ ಮಾಡಿ.

ಬ್ರಿಟನ್ನಿನ ಗಿರಾಕಿ ಇದ್ದರೆ ಇನ್ನೂ ಒಂದು ಮೆಟ್ಟಿಲು ಹುಷಾರು. ಅಲ್ಲಿ "ಸ್ವಲ್ಪ ನಿರಾಸೆಯಾಯಿತು" ಅಂದರೆ ಚೆನ್ನಾಗಿಯೇ ಕೋಪ ಬಂದಿದೆ. "ಕ್ವೈಟ್ ಗುಡ್" ಅಮೆರಿಕದಲ್ಲಿ ಹೊಗಳಿಕೆ, ಬ್ರಿಟನ್ನಿನಲ್ಲಿ ಬಹುಪಾಲು "ಪರವಾಗಿಲ್ಲ" ಅಷ್ಟೆ. ಒಂದೇ ಭಾಷೆಯವರು ಒಬ್ಬರಿಗೊಬ್ಬರು ಉಲ್ಟಾ ಆಗುವುದೂ ಉಂಟು. ಒಂದು ವಿಷಯವನ್ನು "ಟೇಬಲ್ ಮಾಡೋಣ" ಅಂದರೆ ಬ್ರಿಟನ್ನಿನಲ್ಲಿ ಚರ್ಚೆಗೆ ತೆಗೆದುಕೊಳ್ಳೋಣ ಅಂತ, ಅಮೆರಿಕದಲ್ಲಿ ಬದಿಗಿಡೋಣ ಅಂತ. ಇಬ್ಬರೂ ಇರುವ ಮೇಲ್‌ನಲ್ಲಿ ಆ ಪದವನ್ನೇ ಬಳಸಬೇಡಿ.

ಹೆಜ್ಜೆ 8: ಕಳಿಸುವ ಮೊದಲು, ಕಳಿಸಿದ ಮೇಲೆ

ಕಳಿಸುವ ಮೊದಲು ಮೇಲ್‌ನ ಮೊದಲ ಮೂರು ಸಾಲನ್ನು ಮಾತ್ರ ಪಕ್ಕದ ಟೇಬಲ್‌ನವರಿಗೆ ಓದಿ ಹೇಳಿ. "340 ಯಾವತ್ತು ಹೋಗುತ್ತೆ?" ಅಂತ ಕೇಳಿ. ಜರ್ಮನಿ, ಅಮೆರಿಕದ ಮೇಲ್ ಆದರೆ ಅವರಿಗೆ ಉತ್ತರ ಸಿಕ್ಕಿರಬೇಕು. ಜಪಾನಿನ ಮೇಲ್ ಆದರೆ ಸಿಕ್ಕಿರಬಾರದು, ಆದರೆ ಏನೋ ತಪ್ಪಾಗಿದೆ, ಇವರು ಕ್ಷಮೆ ಕೇಳುತ್ತಿದ್ದಾರೆ ಅಂತ ತಿಳಿದಿರಬೇಕು. ಆಮೇಲೆ ಅವರ ರಜೆ ನೋಡಿ. ಗಲ್ಫಿನ ಗಿರಾಕಿಗಳಿದ್ದರೆ ಸೌದಿಗೆ ಶುಕ್ರವಾರ, ಶನಿವಾರ ರಜೆ. ಯುಎಇಯ ಸರ್ಕಾರಿ ಕಚೇರಿಗಳು 2022ರ ಜನವರಿಯಿಂದ ಶನಿವಾರ, ಭಾನುವಾರಕ್ಕೆ ಬದಲಾಗಿವೆ, ಶುಕ್ರವಾರ ಅರ್ಧ ದಿನ.

28ರಂದು ಮಾಲು ಹೊರಟ ಕೂಡಲೇ ಇನ್ನೊಂದು ಮೇಲ್ ಹೋಗಬೇಕು. ಜರ್ಮನಿಗೆ ಎರಡು ಸಾಲು ಸಾಕು: 340 ಪೀಸ್ ಹೊರಟಿವೆ, ಏರ್‌ವೇ ಬಿಲ್ ಸಂಖ್ಯೆ ಇದು, ತಪಾಸಣಾ ವರದಿ ಲಗತ್ತಿಸಿದೆ. ಅಮೆರಿಕಕ್ಕೆ ಅದೇ ಎರಡು ಸಾಲಿನ ಜೊತೆ ಕಾದಿದ್ದಕ್ಕೆ ಒಂದು ಥ್ಯಾಂಕ್ಸ್. ಜಪಾನಿಗೆ ಪ್ಯಾಕಿಂಗ್‌ನ ಫೋಟೋ, ಹೊಸ ಲಾಟ್‌ನಿಂದ ಮೊದಲು ಬೋರ್ ಮಾಡಿದ ಆ ಮೂರು ಪೀಸ್‌ಗಳ ಫೋಟೋ, ಮರಳಿನ ತೇವ ಬರೆದಿಟ್ಟ ಪುಸ್ತಕದ ಒಂದು ಪುಟ. ಒಮ್ಮೆ ನಮ್ಮ ಫೌಂಡ್ರಿಯವರ ಕೈಬರಹದ್ದೇ ಪುಟವನ್ನು, ಕನ್ನಡದ ಟಿಪ್ಪಣಿ ಸಮೇತ ಕಳಿಸಿದ್ದೆ. ಆ ಟಿಪ್ಪಣಿಯಲ್ಲಿ ಏನು ಬರೆದಿದೆ ಅಂತ ಅವರು ಕೇಳಿ ಮೇಲ್ ಮಾಡಿದರು.